ರೆಫರ್ ಮಾಡಿದೋರಿಗೆ ಆಮೇಲೆ ಏನಾಯ್ತು ಅಂತ ಹೇಳೋದು

(ದಾವಣಗೆರೆಯಲ್ಲಿ ಕೊನೆ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತೆ ಈಗಷ್ಟೇ ಕೆಲ್ಸಕ್ಕೆ ಸೇರಿರೋ ಕೆಲವ್ರ ಮುಂದೆ ಮಾತಾಡಿದ್ದನ್ನ ಇಲ್ಲಿ ಬರ್ದು ಹಾಕಿದೀನಿ. ಮಾತಾಡುವಾಗ ಬಿಟ್ಟೋಗಿದ್ದ ಒಂದೆರಡು ವಿಷ್ಯ ಸೇರ್ಸಿದೀನಿ, ಕೊನೇಲಿ ಕೇಳಿದ ಪ್ರಶ್ನೆಗಳೂ ಇವೆ.)

ಎಲ್ರಿಗೂ ನಮಸ್ಕಾರ. ರೆಫರಲ್ ತಗೊಳೋದು ಹೇಗೆ ಅಂತ ಹೇಳ್ಕೊಡೋರು ಬೇಕಾದಷ್ಟು ಜನ ಇದಾರೆ, ಲಿಂಕ್ಡ್‌ಇನ್‌ನಲ್ಲಿ ಮೆಸೇಜ್ ಹೇಗೆ ಬರೀಬೇಕು, ರೆಸ್ಯೂಮೆ ಹೇಗೆ ಇರ್ಬೇಕು, ಅದೆಲ್ಲ ನಿಮ್ಗೆ ಆಗ್ಲೇ ಗೊತ್ತು. ನಾನು ಅದರ ಮುಂದಿನ ಭಾಗದ ಬಗ್ಗೆ ಮಾತ್ರ ಮಾತಾಡ್ತೀನಿ. ಯಾರೋ ಒಬ್ರು ನಿಮ್ಮ ರೆಸ್ಯೂಮೆ ತಗೊಂಡು ಅವ್ರ ಕಂಪನಿ ಒಳಗೆ ಹಾಕಿದ್ರು, ನಿಮ್ಗೆ ಕಾಲ್ ಬಂತು ಅಥವಾ ಬರ್ಲಿಲ್ಲ, ಕೆಲ್ಸ ಆಯ್ತು ಅಥವಾ ಆಗ್ಲಿಲ್ಲ, ಆಮೇಲೆ ಅವ್ರಿಗೆ ಏನು ಹೇಳ್ಬೇಕು, ಯಾವಾಗ ಹೇಳ್ಬೇಕು ಅನ್ನೋದು. ನಾನು ಬೆಂಗಳೂರಲ್ಲಿ ವರ್ಷಗಟ್ಲೆ ರಿಕ್ರೂಟ್‌ಮೆಂಟ್ ಕಡೆ ಕೆಲ್ಸ ಮಾಡಿರೋಳು, ಹಾಗಾಗಿ ಆ ಪೋರ್ಟಲ್‌ನ ಆ ಕಡೆಯಿಂದ ಏನು ಕಾಣುತ್ತೆ ಅನ್ನೋದು ನಂಗೆ ಗೊತ್ತು, ಅಲ್ಲಿಂದಲೇ ಶುರು ಮಾಡ್ತೀನಿ.

ಹೆಚ್ಚಿನ ಹುಡುಗ್ರು ಏನು ಅಂದ್ಕೊಳ್ತಾರೆ ಅಂದ್ರೆ, ರೆಫರ್ ಮಾಡಿದೋರು ಕಂಪನಿ ಒಳಗೇ ಇದಾರಲ್ಲ, ನಂಗಿಂತ ಮುಂಚೆ ಅವ್ರಿಗೇ ಗೊತ್ತಾಗಿರುತ್ತೆ, ನಾನ್ಯಾಕೆ ಹೇಳ್ಬೇಕು ಅಂತ. ಇದು ಪೂರ್ತಿ ಉಲ್ಟಾ. ಅವ್ರು ಏನು ಮಾಡ್ತಾರೆ ಅಂದ್ರೆ, ಕಂಪನಿಯ ಒಳಗಿನ ಪೋರ್ಟಲ್ ತೆಗ್ದು, ಯಾವ ಪೊಸಿಶನ್ ಅಂತ ಹುಡ್ಕಿ, ನಿಮ್ಮ ಹೆಸ್ರು, ಫೋನ್ ನಂಬರ್, ಇಮೇಲ್ ಹಾಕಿ ರೆಸ್ಯೂಮೆ ಅಪ್‌ಲೋಡ್ ಮಾಡ್ತಾರೆ. ಅಲ್ಲಿ ಬಹಳ ಕಡೆ ಇನ್ನೊಂದೆರಡು ಪ್ರಶ್ನೆ ಇರುತ್ತೆ, ಈ ವ್ಯಕ್ತಿ ನಿಮ್ಗೆ ಹೇಗೆ ಗೊತ್ತು, ಒಟ್ಟಿಗೆ ಕೆಲ್ಸ ಮಾಡಿದ್ರಾ, ಸಂಬಂಧಿಕರಾ, ಇವ್ರು ಈ ಕೆಲ್ಸಕ್ಕೆ ಯಾಕೆ ಸರಿ ಅಂತ. ಅದನ್ನ ತುಂಬಿ ಸಬ್ಮಿಟ್ ಕೊಟ್ಟ ಮೇಲೆ ನಿಮ್ಮ ಅಪ್ಲಿಕೇಶನ್ ಮೇಲೆ ಅವ್ರ ಹೆಸ್ರು ಅಂಟ್ಕೊಂಡಿರುತ್ತೆ, ನಿಮ್ಮ ಪ್ರೊಫೈಲ್ ತೆಗೆಯೋ ರಿಕ್ರೂಟರ್‌ಗೆ ಅದು ಕಾಣುತ್ತೆ, ಎಷ್ಟೋ ಸಲ ಹೈರಿಂಗ್ ಮ್ಯಾನೇಜರ್‌ಗೂ ಕಾಣುತ್ತೆ. ಆದ್ರೆ ಅವ್ರಿಗೆ ವಾಪಸ್ ಏನು ಕಾಣುತ್ತೆ? ಒಂದು ಸಾಲಿನ ಸ್ಟೇಟಸ್. ಅಂಡರ್ ರಿವ್ಯೂ ಅಂತಲೋ ಇನ್ ಪ್ರೊಸೆಸ್ ಅಂತಲೋ. ನಿಮ್ಮ ಇಂಟರ್‌ವ್ಯೂ ಯಾವತ್ತು, ಎಷ್ಟು ರೌಂಡ್ ಆಯ್ತು, ಪ್ಯಾನೆಲ್ ಏನು ಬರ್ದ್ರು, ಅದ್ಯಾವುದೂ ಸಾಮಾನ್ಯವಾಗಿ ಕಾಣಲ್ಲ, ಕಾಣಿಸ್ಲೂಬಾರ್ದು, ಅದು ಕ್ಯಾಂಡಿಡೇಟ್‌ನ ಖಾಸಗಿ ಮಾಹಿತಿ. ಎಷ್ಟೋ ಸಲ ಅದೇ ಇನ್ ಪ್ರೊಸೆಸ್ ಅನ್ನೋದು ಪೊಸಿಶನ್ ಮುಚ್ಚಿ ಎಷ್ಟೋ ದಿನ ಆದ್ರೂ ಹಾಗೇ ನಿಂತಿರುತ್ತೆ, ಯಾಕಂದ್ರೆ ರಿಕ್ರೂಟರ್ ಆ ಪೊಸಿಶನ್ ಕ್ಲೋಸ್ ಮಾಡಿದಾಗ ಉಳಿದ ಪ್ರೊಫೈಲ್‌ಗಳನ್ನ ಅಪ್‌ಡೇಟ್ ಮಾಡಿರಲ್ಲ, ಮುಂದಿನ ಕೆಲ್ಸಕ್ಕೆ ಹೋಗಿರ್ತಾರೆ. ಅಂದ್ರೆ ಹೊರಗಡೆ ಕೂತಿರೋ ನಿಮ್ಗೆ ಗೊತ್ತಿರೋದ್ರಲ್ಲಿ ಅರ್ಧನೂ ಒಳಗಡೆ ಇರೋರಿಗೆ ಗೊತ್ತಿರಲ್ಲ.

ಇನ್ನೊಂದು ವಿಷ್ಯ, ನಿಮ್ಮನ್ನ ರೆಫರ್ ಮಾಡೋರು ಸಾಮಾನ್ಯವಾಗಿ ಯಾರು ಅಂತ ಸ್ವಲ್ಪ ಯೋಚ್ನೆ ಮಾಡಿ. ದಿನಾ ಜೊತೇಲಿ ಊಟ ಮಾಡೋ ಫ್ರೆಂಡ್ ಅಲ್ಲ. ಕಾಲೇಜಲ್ಲಿ ನಾಲ್ಕೈದು ವರ್ಷ ಸೀನಿಯರ್, ಚಿಕ್ಕಪ್ಪನ ಕಲೀಗ್‌ನ ಮಗ, ಹಳೆ ಪ್ರಾಜೆಕ್ಟಲ್ಲಿ ಒಂದಷ್ಟು ದಿನ ಕಾಲ್‌ನಲ್ಲಿ ಮಾತ್ರ ಸಿಕ್ಕಿದ್ದೋರು, ಇಂಥೋರೇ ಜಾಸ್ತಿ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅಂತ ಒಬ್ರು 1973ರಲ್ಲಿ ಇದನ್ನೇ ಬರ್ದಿದ್ರು. ಬಾಸ್ಟನ್ ಪಕ್ಕ ಹೊಸ್ದಾಗಿ ಕೆಲ್ಸ ಬದಲಾಯಿಸಿದೋರನ್ನ ಮಾತಾಡ್ಸಿದಾಗ, ಗೊತ್ತಿರೋರ ಮೂಲಕ ಕೆಲ್ಸ ಸಿಕ್ಕಿದೋರಲ್ಲಿ, ಆ ಗೊತ್ತಿರೋರನ್ನ ವಾರಕ್ಕೆ ಎರಡು ಸಲ ಆದ್ರೂ ನೋಡ್ತಿದ್ದೋರು ಶೇಕಡಾ 17ರ ಹತ್ರ ಮಾತ್ರ. ಅರ್ಧಕ್ಕಿಂತ ಜಾಸ್ತಿ ಜನ ಆಗೊಮ್ಮೆ ಈಗೊಮ್ಮೆ ನೋಡ್ತಿದ್ದೋರು, ಸುಮಾರು ಶೇಕಡಾ 28 ಜನ ವರ್ಷಕ್ಕೊಂದು ಸಲ ಅಥವಾ ಅದಕ್ಕಿಂತ ಕಮ್ಮಿ. ಅದು ಸಣ್ಣ ಸ್ಯಾಂಪಲ್, ಬೇರೆ ದೇಶ, ಬೇರೆ ಕಾಲ, ಒಪ್ತೀನಿ, ಆದ್ರೆ ನಾನು ನೋಡಿರೋ ಬೆಂಗಳೂರಿಗೂ ಅದು ಚೆನ್ನಾಗೇ ಹೊಂದುತ್ತೆ. ಇದನ್ನ ಯಾಕೆ ಹೇಳ್ದೆ ಅಂದ್ರೆ, ಹತ್ರದ ಫ್ರೆಂಡ್ ಆದ್ರೆ ನೀವು ಹೇಳದೇ ಇದ್ರೂ ಸುದ್ದಿ ಹೇಗೋ ತಲುಪುತ್ತೆ, ಇವ್ರಿಗೆ ತಲುಪೋ ದಾರಿ ಒಂದೇ, ನೀವು ಹೇಳೋದು. ಪೋರ್ಟಲ್ ಹೇಳಲ್ಲ, ರಿಕ್ರೂಟರ್ ಹೇಳಲ್ಲ, ಇಬ್ರಿಗೂ ಗೊತ್ತಿರೋ ಮೂರನೇ ಫ್ರೆಂಡ್ ಇರಲ್ಲ.

ಸರಿ, ಒಂದು ಉದಾಹರಣೆ ಇಟ್ಕೊಂಡು ಹೋಗೋಣ. ಹೆಸ್ರು ನಾನೇ ಇಟ್ಟಿದ್ದು, ಆದ್ರೆ ಇಂಥಾ ಕೇಸ್ ಸುಮಾರು ನೋಡಿದೀನಿ. ಕಾವ್ಯ ಅಂತ ಒಬ್ಳು, ಶಿವಮೊಗ್ಗದೋಳು, ಮೈಸೂರಲ್ಲಿ ಸಣ್ಣ ಕಂಪನೀಲಿ ಮೂರು ವರ್ಷದಿಂದ ಟೆಸ್ಟಿಂಗ್ ಮಾಡ್ತಿದಾಳೆ. ಅವಳ ಕಾಲೇಜ್ ಸೀನಿಯರ್ ಮಂಜುನಾಥ್, ಬೆಂಗಳೂರಲ್ಲಿ ದೊಡ್ಡ ಕಂಪನೀಲಿದಾರೆ, ಇವಳು ಅವ್ರನ್ನ ಅಲುಮ್ನಿ ಮೀಟಲ್ಲಿ ನೋಡಿದ್ದು ಅಷ್ಟೇ, ಮಂಜಣ್ಣ ಅಂತ ಕರೀತಾಳೆ. ರೆಸ್ಯೂಮೆ ಕಳ್ಸಿದ್ಲು, ಅವ್ರು ನೋಡಿ, ಪ್ರಾಜೆಕ್ಟ್ ಎರಡನೇ ಪೇಜಲ್ಲಿದೆ, ಮೇಲಕ್ಕೆ ತಗೊಂಡ್ ಬಾಮ್ಮ ಅಂದ್ರು, ಸರಿ ಮಾಡಿ ಕಳ್ಸಿದ್ಮೇಲೆ ಪೋರ್ಟಲ್‌ಗೆ ಹಾಕಿದ್ರು.

ಇಲ್ಲೇ ಮೊದಲ್ನೇ ಅಪ್‌ಡೇಟ್ ಬರುತ್ತೆ, ಇದನ್ನ ಯಾರೂ ಲೆಕ್ಕಕ್ಕೆ ಇಟ್ಕೊಳಲ್ಲ. ಕೆಲವು ಕಂಪನಿಗಳಲ್ಲಿ ರೆಫರ್ ಮಾಡಿದ ತಕ್ಷಣ ಕ್ಯಾಂಡಿಡೇಟ್‌ಗೆ ಒಂದು ಲಿಂಕ್ ಮೇಲ್ ಬರುತ್ತೆ, ಅದನ್ನ ತೆಗ್ದು ನೀವೇ ಅಪ್ಲಿಕೇಶನ್ ಪೂರ್ತಿ ಮಾಡಿದ್ರೆ ಮಾತ್ರ ರೆಫರಲ್ ಅಂತ ಲೆಕ್ಕ. ಆ ಮೇಲ್ ಬಹಳ ಸಲ ಸ್ಪ್ಯಾಮ್‌ಗೆ ಹೋಗುತ್ತೆ, ಕೆಲವಕ್ಕೆ ಗಡುವೂ ಇರುತ್ತೆ. ಅದಕ್ಕೇ ಅವತ್ತೋ ಮಾರನೇ ದಿನವೋ, ಲಿಂಕ್ ಬಂತು ಅಣ್ಣ, ಫಿಲ್ ಮಾಡಿ ಸಬ್ಮಿಟ್ ಮಾಡಿದೀನಿ, ಥ್ಯಾಂಕ್ಸ್ ಅಂತ ಒಂದು ಸಾಲು ಹಾಕ್ಬೇಕು, ಬಂದಿಲ್ಲ ಅಂದ್ರೆ ಬಂದಿಲ್ಲ ಅಂತ ಹೇಳ್ಬೇಕು, ಅವ್ರು ಇಮೇಲ್ ಐಡಿ ತಪ್ಪು ಹಾಕಿರಬಹುದು, ಅದನ್ನ ಆಗ ಸರಿ ಮಾಡೋಕಾಗುತ್ತೆ, ತಿಂಗಳಾದ್ಮೇಲೆ ಆಗಲ್ಲ. ಹಾಗೇ ಅದೇ ಕಂಪನಿಗೆ ಮುಂಚೆನೇ ನೀವೇ ಅಪ್ಲೈ ಮಾಡಿದ್ರೆ, ಅಥವಾ ಯಾವ್ದೋ ಕನ್ಸಲ್ಟೆನ್ಸಿಯೋರು ನಿಮ್ಮ ಪ್ರೊಫೈಲ್ ಹಾಕಿದ್ರೆ, ಅದನ್ನೂ ಆಗಲೇ ಹೇಳಿ. ಸಿಸ್ಟಮ್ ಫೋನ್ ನಂಬರ್, ಇಮೇಲ್ ನೋಡಿ ಡುಪ್ಲಿಕೇಟ್ ಅಂತ ಹಿಡಿಯುತ್ತೆ, ಮೊದ್ಲು ಹಾಕಿದೋರ ಹೆಸ್ರಲ್ಲೇ ಕೆಲವು ತಿಂಗಳು ನಿಮ್ಮ ಪ್ರೊಫೈಲ್ ಉಳಿಯುತ್ತೆ, ಇವ್ರು ಹಾಕಿದ್ದು ನಿಲ್ಲಲ್ಲ.

ಕಾವ್ಯಾಗೆ ರಿಕ್ರೂಟರ್ ಕಾಲ್ ಬಂತು. ಒಂದು ಸಾಲು ಹಾಕಿದ್ಲು, ಮಂಜಣ್ಣ, ಕಾಲ್ ಬಂತು, ಗುರುವಾರ ಮೊದಲ್ನೇ ಟೆಕ್ನಿಕಲ್ ರೌಂಡ್ ಅಂತೆ. ಅಷ್ಟೇ. ಇದಾದ್ಮೇಲೆ ಪ್ರತಿ ರೌಂಡ್ ಮುಗಿದಾಗ್ಲೂ ಫೋನ್ ಮಾಡಿ ಅದು ಕೇಳಿದ್ರು ಇದು ಕೇಳಿದ್ರು ಅಂತ ಹೇಳೋದು ಬೇಡ. ಅವ್ರಿಗೂ ಕೆಲ್ಸ ಇರುತ್ತೆ, ಜೊತೆಗೆ ನೀವು ಕಥೆ ಹೇಳ್ತಾ ಹೇಳ್ತಾ ಕೊನೇಲಿ, ಸ್ವಲ್ಪ ಆ ಮ್ಯಾನೇಜರ್ ಹತ್ರ ಮಾತಾಡಿ ಅಣ್ಣ ಅನ್ನೋ ಕಡೆ ಹೋಗ್ತೀರ, ಎಲ್ರೂ ಹೋಗ್ತಾರೆ, ಅದು ಅವ್ರನ್ನ ಇಕ್ಕಟ್ಟಿಗೆ ಸಿಕ್ಕಿಸೋದು.

ಎರಡು ಟೆಕ್ನಿಕಲ್ ರೌಂಡ್ ಆಯ್ತು, ಮ್ಯಾನೇಜರ್ ರೌಂಡ್ ಆಯ್ತು, ಆಮೇಲೆ ರಿಜೆಕ್ಷನ್ ಮೇಲ್ ಬಂತು. ಈಗ ಕಾವ್ಯ ಏನು ಮಾಡ್ಬೇಕು? ಹೆಚ್ಚಿನೋರು ಇಲ್ಲೇ ಮಾಯ ಆಗೋದು. ಬೇಜಾರು, ನಾಚ್ಕೆ, ಅವ್ರ ಮರ್ಯಾದೆ ಕಳ್ದೆ ಅನ್ನೋ ಭಾವ್ನೆ, ಇನ್ನೇನು ಮುಖ ತೋರ್ಸೋದು ಅಂತ. ಒಂದು ಮಾತು ಹೇಳ್ತೀನಿ, ರೆಫರ್ ಮಾಡಿದ ಕ್ಯಾಂಡಿಡೇಟ್ ಮ್ಯಾನೇಜರ್ ರೌಂಡ್ ತನಕ ಹೋಗಿ ಆಗ್ಲಿಲ್ಲ ಅಂದ್ರೆ ಯಾರ ಮರ್ಯಾದೇನೂ ಹೋಗಲ್ಲ, ರೆಫರ್ ಆದೋರಲ್ಲಿ ಸೆಲೆಕ್ಟ್ ಆಗೋರಿಗಿಂತ ಆಗದೇ ಇರೋರೇ ಜಾಸ್ತಿ, ಅದು ಒಳಗಿರೋ ಎಲ್ರಿಗೂ ಗೊತ್ತು. ಅವಳು ಕಳ್ಸಬೇಕಾದ ಮೆಸೇಜ್ ಹೀಗಿರ್ಲಿ:

"ಮಂಜಣ್ಣ ನಮಸ್ಕಾರ. ಟೆಸ್ಟಿಂಗ್ ಪೊಸಿಶನ್‌ದು ಇವತ್ತು ರಿಸಲ್ಟ್ ಬಂತು, ಸೆಲೆಕ್ಟ್ ಆಗ್ಲಿಲ್ಲ. ಎರಡು ಟೆಕ್ನಿಕಲ್ ಆಗಿ ಮ್ಯಾನೇಜರ್ ರೌಂಡ್ ತನಕ ಹೋಗಿದ್ದೆ. ಅವ್ರಿಗೆ ಎಪಿಐ ಆಟೊಮೇಷನ್ ಮಾಡಿರೋರು ಬೇಕಿತ್ತು ಅನ್ಸುತ್ತೆ, ನಂದು ಜಾಸ್ತಿ ಮ್ಯಾನುಯಲ್ಲೇ, ಅಲ್ಲಿ ಕಮ್ಮಿ ಬಿತ್ತು. ನೀವು ಪ್ರಾಜೆಕ್ಟ್ ಮೇಲಕ್ಕೆ ತರೋಕೆ ಹೇಳಿದ್ರಲ್ಲ, ರಿಕ್ರೂಟರ್ ಅದನ್ನೇ ಹಿಡ್ಕೊಂಡು ಮಾತು ಶುರು ಮಾಡಿದ್ರು. ನನ್ಗೋಸ್ಕರ ಟೈಮ್ ಕೊಟ್ಟಿದ್ದಕ್ಕೆ ತುಂಬಾ ಥ್ಯಾಂಕ್ಸ್ ಅಣ್ಣ."

ಇದ್ರಲ್ಲಿ ಏನಿದೆ ನೋಡಿ. ರಿಸಲ್ಟ್ ಎರಡನೇ ವಾಕ್ಯದಲ್ಲೇ ಇದೆ, ಅವ್ರು ಎಲ್ಲಿದ್ರೂ ನೋಟಿಫಿಕೇಶನ್‌ನಲ್ಲೇ ಓದ್ಕೋಬಹುದು. ಎಲ್ಲಿ ತನಕ ಹೋದೆ ಅಂತ ಇದೆ, ಅಂದ್ರೆ ಅವ್ರು ರೆಫರ್ ಮಾಡಿದ್ದು ತಪ್ಪು ಪ್ರೊಫೈಲ್ ಅಲ್ಲ ಅಂತ ಅವ್ರಿಗೂ ಸಮಾಧಾನ. ಯಾಕೆ ಆಗ್ಲಿಲ್ಲ ಅನ್ನೋದು ಅವಳ ಊಹೆ, ಊಹೆ ಅಂತಲೇ ಹೇಳಿದಾಳೆ, ಯಾರನ್ನೂ ಬೈದಿಲ್ಲ. ಥ್ಯಾಂಕ್ಸ್ ಯಾವ್ದಕ್ಕೆ ಅಂತ ಬಿಡಿಸಿ ಹೇಳಿದಾಳೆ, ಸುಮ್ನೆ ಥ್ಯಾಂಕ್ಸ್ ಫಾರ್ ಎವೆರಿಥಿಂಗ್ ಅಲ್ಲ. ಮುಖ್ಯವಾಗಿ ಏನೂ ಕೇಳಿಲ್ಲ, ಬೇರೆ ಓಪನಿಂಗ್ ಇದ್ರೆ ನೋಡಿ ಅಂತನೂ ಇಲ್ಲ. ಅದನ್ನ ಹಾಕಿದ ತಕ್ಷಣ ಇಡೀ ಮೆಸೇಜ್ ಹೊಸ ಬೇಡಿಕೆ ಆಗ್ಬಿಡುತ್ತೆ, ಮೇಲಿನ ಥ್ಯಾಂಕ್ಸೆಲ್ಲ ಅದಕ್ಕೆ ಪೀಠಿಕೆ ಥರ ಕಾಣುತ್ತೆ. ಕೇಳೋದಿದ್ರೆ ಒಂದಷ್ಟು ವಾರ ಬಿಟ್ಟು, ಆ ಕಂಪನಿಯ ಕೆರಿಯರ್ ಪೇಜಲ್ಲಿ ನೀವೇ ಒಂದು ಪೊಸಿಶನ್ ಹುಡ್ಕಿ ಅದರ ಐಡಿ ಸಮೇತ ಕೇಳಿ. ಬಹಳ ಕಂಪನಿಗಳಲ್ಲಿ ರಿಜೆಕ್ಟ್ ಆದ್ಮೇಲೆ ಕೂಲಿಂಗ್ ಪೀರಿಯಡ್ ಅಂತ ಇರುತ್ತೆ, ಆರು ತಿಂಗಳು ಇರೋದನ್ನ ಜಾಸ್ತಿ ನೋಡಿದೀನಿ, ಕೆಲವು ಕಡೆ ಇನ್ನೂ ಜಾಸ್ತಿ, ಅಷ್ಟರೊಳಗೆ ಮತ್ತೆ ಹಾಕಿದ್ರೂ ಸಿಸ್ಟಮ್ ತಗೊಳಲ್ಲ.

ಆ ಊಹೆಯ ಸಾಲು ಮಂಜುನಾಥ್‌ಗೆ ಯಾಕೆ ಬೇಕು ಅಂದ್ರೆ, ಆ ಟೀಮ್‌ಗೆ ಎಪಿಐ ಆಟೊಮೇಷನ್ ಬೇಕು ಅನ್ನೋದು ಜಾಬ್ ಡಿಸ್ಕ್ರಿಪ್ಷನ್‌ನಲ್ಲಿ ಇರೋ ಹತ್ತು ಪಾಯಿಂಟ್‌ಗಳಲ್ಲಿ ಒಂದಾಗಿರುತ್ತೆ, ನಿಜಕ್ಕೂ ಬೇಕಾಗಿರೋದು ಅದೊಂದೇ ಅಂತ ಈಗ ಗೊತ್ತಾಯ್ತು. ಮುಂದಿನ ಸಲ ಯಾರಾದ್ರೂ ಬಂದು ಕೇಳಿದಾಗ, ನಿಂಗೆ ಇದು ಬರುತ್ತಾ ಅಂತ ಮೊದಲೇ ಕೇಳ್ತಾರೆ. ರೆಫರ್ ಮಾಡೋರಿಗೆ ಇಂಥಾ ಮಾಹಿತಿ ಬೇರೆ ಎಲ್ಲೂ ಸಿಗಲ್ಲ.

ಏನು ಬರೀಬಾರ್ದು ಅನ್ನೋದೂ ಹೇಳ್ಬಿಡ್ತೀನಿ. ಪ್ಯಾನೆಲ್‌ನೋರಿಗೆ ಏನೂ ಬರಲ್ಲ, ಫಿಕ್ಸ್ ಮಾಡ್ಕೊಂಡು ಬಂದಿದ್ರು, ಈ ಥರ ವಾಟ್ಸಾಪಲ್ಲಿ ಹಾಕ್ಬೇಡಿ, ನಿಮ್ಮ ಇಂಟರ್‌ವ್ಯೂ ತಗೊಂಡೋರು ಅವ್ರ ಜೊತೆ ಮಧ್ಯಾಹ್ನ ಊಟಕ್ಕೆ ಕೂರೋರಾಗಿರಬಹುದು. ನನ್ನನ್ನ ಯಾಕೆ ತಗೊಳ್ಳಿಲ್ಲ ಅಂತ ಒಳಗೆ ಕೇಳಿ ಹೇಳಿ ಅನ್ನೋದೂ ಬೇಡ. ಅವ್ರು ಹೋಗಿ ಕೇಳಿದ್ರೆ ರಿಕ್ರೂಟರ್ ಹೇಳೋಕಾಗಲ್ಲ ಅಂತಾರೆ, ಇಬ್ರಿಗೂ ಮುಜುಗರ. ಫೀಡ್‌ಬ್ಯಾಕ್ ಬೇಕಿದ್ರೆ ರಿಕ್ರೂಟರ್‌ಗೆ ನೀವೇ ಅದೇ ಮೇಲ್ ಥ್ರೆಡ್‌ನಲ್ಲಿ ಕೇಳಿ.

ಕಾವ್ಯಾಗೆ ಆಮೇಲೆ ನೌಕ್ರಿ ಮೂಲಕ ಬೇರೆ ಕಂಪನೀಲಿ ಕೆಲ್ಸ ಸಿಕ್ತು ಅಂತ ಇಟ್ಕೊಳ್ಳಿ. ಮಂಜುನಾಥ್‌ಗೂ ಅದಕ್ಕೂ ಸಂಬಂಧ ಇಲ್ಲ. ಆದ್ರೂ ಹೇಳ್ಬೇಕು, ಕಾರಣ ಬಹಳ ಸರಳ, ಅವಳ ರೆಸ್ಯೂಮೆ ಇನ್ನೂ ಅವ್ರ ಫೋನಲ್ಲಿದೆ. ಎಲ್ಲೋ ಟೆಸ್ಟಿಂಗ್‌ಗೆ ಜನ ಬೇಕು ಅಂದ್ರೆ ಅವ್ರು ಅದನ್ನ ಫಾರ್ವರ್ಡ್ ಮಾಡ್ತಾರೆ, ಆ ಕಡೆಯೋರು ಇವಳಿಗೆ ಫೋನ್ ಮಾಡಿದ್ರೆ ನಾನು ಆಗ್ಲೇ ಜಾಯಿನ್ ಆದೆ ಸರ್ ಅಂತಾಳೆ, ಆಗ ಪೆಚ್ಚಾಗೋದು ಮಂಜುನಾಥ್. ಹುಡುಕಾಟ ನಿಲ್ಲಿಸಿದೀನಿ ಅನ್ನೋದು, ರೆಸ್ಯೂಮೆ ಕೊಟ್ಟಿರೋ ಎಲ್ರಿಗೂ ಹೇಳ್ಬೇಕಾದ ಸುದ್ದಿ.

ಈಗ ಇನ್ನೊಂದು ಪರಿಸ್ಥಿತಿ, ರಿಸಲ್ಟೇ ಬರಲ್ಲ. ಇದೇ ಜಾಸ್ತಿ ಆಗೋದು. ಪೊಸಿಶನ್ ಹೋಲ್ಡ್‌ಗೆ ಹೋಗಿರುತ್ತೆ, ಬಜೆಟ್ ನಿಂತಿರುತ್ತೆ, ಒಳಗಿನೋರೇ ಯಾರೋ ಟ್ರಾನ್ಸ್‌ಫರ್ ತಗೊಂಡು ಬಂದಿರ್ತಾರೆ. ಮೊದ್ಲು ರಿಕ್ರೂಟರ್‌ಗೆ ಮೇಲ್ ಹಾಕಿ, ಒಂದು ವಾರ ಕಾದು ಇನ್ನೊಂದು ಹಾಕಿ, ಅದಕ್ಕೂ ಉತ್ತರ ಇಲ್ಲ ಅಂದ್ರೆ ರೆಫರ್ ಮಾಡಿದೋರಿಗೆ ಹೇಳಿ, ಮ್ಯಾನೇಜರ್ ರೌಂಡ್ ಆಗಿ ಮೂರು ವಾರ ಆಯ್ತು, ರಿಕ್ರೂಟರ್‌ಗೆ ಎರಡು ಸಲ ಬರ್ದೆ, ಉತ್ತರ ಇಲ್ಲ, ಪೋರ್ಟಲ್‌ನಲ್ಲಿ ಆ ಪೊಸಿಶನ್ ಇನ್ನೂ ಓಪನ್ ಇದ್ಯಾ ಅಂತ ಟೈಮ್ ಸಿಕ್ಕಾಗ ನೋಡ್ತೀರಾ ಅಂತ. ಇದು ಅವ್ರು ನಿಜಕ್ಕೂ ಮಾಡ್ಬಹುದಾದ ಕೆಲ್ಸ, ಯಾರನ್ನೂ ಕೇಳದೆ ಎರಡು ನಿಮಿಷದಲ್ಲಿ ನೋಡಿ ಹೇಳ್ತಾರೆ. ಏನಾಯ್ತು ಅಣ್ಣ, ಏನಾಯ್ತು ಅಣ್ಣ ಅಂತ ದಿನಾ ಕೇಳೋದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ.

ಇನ್ನು ನಾನು ಸ್ವಲ್ಪ ಜಾಸ್ತಿ ಹೊತ್ತು ಮಾತಾಡ್ಬೇಕು ಅಂತ ಬಂದಿದ್ದು ಈ ವಿಷ್ಯಕ್ಕೆ. ಆಫರ್ ಬಂದಿದೆ, ಆದ್ರೆ ನೀವು ಹೋಗ್ತಿಲ್ಲ. ರಿಜೆಕ್ಟ್ ಆದಾಗ ಸುಮ್ನಿದ್ರೆ ಅವ್ರಿಗೆ ಬೇಜಾರಾಗಬಹುದು ಅಷ್ಟೇ, ಇಲ್ಲಿ ಸುಮ್ನಿದ್ರೆ ಅವ್ರಿಗೆ ನಿಜವಾದ ತೊಂದ್ರೆ. ನಮ್ಮ ಐಟಿ ಕಂಪನಿಗಳಲ್ಲಿ ನೋಟಿಸ್ ಪೀರಿಯಡ್ ಎರಡು ತಿಂಗಳು, ಎಷ್ಟೋ ಕಡೆ ಮೂರು ತಿಂಗಳು. ಆ ಮೂರು ತಿಂಗಳಲ್ಲಿ ಹುಡ್ಗ ಇನ್ನೂ ನಾಲ್ಕು ಕಡೆ ಇಂಟರ್‌ವ್ಯೂ ಕೊಡ್ತಾನೆ, ಈ ಆಫರ್ ತೋರ್ಸಿ ಇನ್ನೊಂದು ಕಡೆ ಜಾಸ್ತಿ ತಗೋತಾನೆ, ಅಥವಾ ಈಗಿರೋ ಕಂಪನಿಯೋರೇ ಜಾಸ್ತಿ ಕೊಡ್ತೀವಿ ಇರು ಅಂತಾರೆ. ಅದು ತಪ್ಪು ಅಂತ ನಾನು ಹೇಳಲ್ಲ, ಕಂಪನಿಗಳೂ ಕೊಟ್ಟ ಆಫರನ್ನ ವಾಪಸ್ ತಗೊಂಡಿರೋದು ನೋಡಿದೀವಿ. ಆದ್ರೆ ಇತ್ಲಾಗೆ ಹೈರಿಂಗ್ ಮ್ಯಾನೇಜರ್ ನಿಮ್ಮನ್ನ ನಂಬ್ಕೊಂಡು ಬೇರೆ ಕ್ಯಾಂಡಿಡೇಟ್‌ಗಳನ್ನ ವಾಪಸ್ ಕಳ್ಸಿ, ಕ್ಲೈಂಟ್‌ಗೆ ಇಂಥ ತಾರೀಖಿಂದ ಜನ ಇರ್ತಾರೆ ಅಂತ ಹೇಳಿ ಕೂತಿರ್ತಾರೆ. ಜಾಯಿನಿಂಗ್ ದಿನ ಬೆಳಿಗ್ಗೆ ನೀವು ಬರಲ್ಲ, ಫೋನ್ ಸ್ವಿಚ್ ಆಫ್. ಆಗ ಎಚ್ಆರ್ ಹೋಗೋದು ಯಾರ ಹತ್ರ? ಅಪ್ಲಿಕೇಶನ್ ಮೇಲೆ ಹೆಸ್ರಿದೆಯಲ್ಲ, ಅವ್ರ ಹತ್ರ. ನಿಮ್ಮ ಹುಡ್ಗ ಎಲ್ಲಿ ಅಂತ. ಅವ್ರಿಗೆ ಏನೂ ಗೊತ್ತಿಲ್ಲ. ಇದನ್ನ ನಾನು ಎಚ್ಆರ್ ಕಡೆ ಕೂತು ನೋಡಿದೀನಿ, ಆ ಮನುಷ್ಯನ ಮುಖ ನೋಡೋಕಾಗ್ತಿರ್ಲಿಲ್ಲ, ಆಮೇಲೆ ಅವ್ರು ಯಾರನ್ನೇ ರೆಫರ್ ಮಾಡಿದ್ರೂ ಆ ಮ್ಯಾನೇಜರ್, ಇವ್ನು ಬರ್ತಾನಾ ನಿಜವಾಗ್ಲೂ ಅಂತ ಕೇಳೋರು.

ಹಾಗಾಗಿ ಹೋಗಲ್ಲ ಅಂತ ಮನಸ್ಸು ಗಟ್ಟಿ ಮಾಡಿದ ದಿನನೇ, ಎಚ್ಆರ್‌ಗೆ ಮೇಲ್ ಕಳ್ಸೋ ಸ್ವಲ್ಪ ಮುಂಚೆ, ಅವ್ರಿಗೆ ಫೋನ್ ಮಾಡಿ. ಇದು ಮೆಸೇಜಲ್ಲಿ ಹೇಳೋದಲ್ಲ. ಮಾತು ಚಿಕ್ಕದಾಗಿರ್ಲಿ, "ಅಣ್ಣ, ಬೇಜಾರ್ ಮಾಡ್ಕೋಬೇಡಿ, ನಿಮ್ಮ ಕಂಪನಿ ಆಫರ್ ಬಿಡ್ತಿದೀನಿ, ಮೈಸೂರಲ್ಲೇ ಇರೋ ಹಾಗೆ ಬೇರೆ ಕಡೆ ಸಿಕ್ಕಿದೆ, ಮನೇಲಿ ಅಪ್ಪಂಗೆ ಹುಷಾರಿಲ್ಲ, ಎಚ್ಆರ್‌ಗೆ ಇವತ್ತು ಸಂಜೆ ಮೇಲ್ ಹಾಕ್ತೀನಿ, ಅದಕ್ಕಿಂತ ಮುಂಚೆ ನಿಮ್ಗೆ ಹೇಳ್ಬೇಕು ಅನ್ನಿಸ್ತು." ಕಾರಣ ಏನಿದೆಯೋ ಅದನ್ನೇ ಹೇಳಿ, ದುಡ್ಡು ಜಾಸ್ತಿ ಅಂದ್ರೆ ದುಡ್ಡು ಜಾಸ್ತಿ ಅಂತಲೇ ಹೇಳಿ, ಇಲ್ಲದೆ ಇರೋ ಕಾಯಿಲೆ ತರ್ಬೇಡಿ, ಎರಡು ತಿಂಗಳಲ್ಲಿ ಲಿಂಕ್ಡ್‌ಇನ್‌ನಲ್ಲಿ ನೀವು ಎಲ್ಲಿ ಸೇರಿದ್ರಿ ಅಂತ ಎಲ್ರಿಗೂ ಕಾಣುತ್ತೆ. ಅವ್ರು ಮನಸ್ಸು ಬದಲಾಯ್ಸೋಕೆ ನೋಡಬಹುದು, ಒಂದು ಸಲ ಕೇಳಿಸ್ಕೊಳ್ಳಿ, ಇನ್ನೂ ತೀರ್ಮಾನ ಆಗಿಲ್ಲ ಅಂದ್ರೆ ಮಾತ್ರ ಯೋಚ್ನೆ ಮಾಡ್ತೀನಿ ಅನ್ನಿ, ತೀರ್ಮಾನ ಆಗಿದ್ರೆ ಅವ್ರ ಮನಸ್ಸು ನೋಯಿಸ್ಬಾರ್ದು ಅಂತ ನೋಡೋಣ ಅಣ್ಣ ಅನ್ಬೇಡಿ. ನಮ್ಮ ಕಡೆ ಈ ನೋಡೋಣ ಅನ್ನೋದು ದೊಡ್ಡ ರೋಗ. ಅವ್ರು ಅದನ್ನ ನಂಬಿ ಹೋಗಿ ಮ್ಯಾನೇಜರ್‌ಗೆ ಇನ್ನೂ ಚಾನ್ಸ್ ಇದೆ ಅಂತ ಹೇಳ್ತಾರೆ.

ಬೋನಸ್ ವಿಷ್ಯನೂ ಇಲ್ಲೇ ಬರುತ್ತೆ. ರೆಫರಲ್ ಬೋನಸ್ ಸಾಮಾನ್ಯವಾಗಿ ಆಫರ್ ಬಂದಾಗ ಕೊಡಲ್ಲ, ನೀವು ಜಾಯಿನ್ ಆಗಿ ಇಷ್ಟು ದಿನ, ಬಹಳ ಕಡೆ ಮೂರು ತಿಂಗಳು, ಕೆಲವು ಕಡೆ ಆರು, ಉಳ್ಕೊಂಡ್ರೆ ಮಾತ್ರ ಅವ್ರ ಸಂಬಳದ ಜೊತೆ ಬರುತ್ತೆ, ಅದೂ ಟ್ಯಾಕ್ಸ್ ಹಿಡ್ಕೊಂಡು. ಹಾಗಾಗಿ ಸೇರಿ ಎರಡನೇ ತಿಂಗಳಲ್ಲೇ ಬಿಡ್ತೀರ ಅಂದ್ರೆ ಅದೂ ಅವ್ರಿಗೆ ಮುಂಚೆ ತಿಳಿಸ್ಬೇಕಾದ ಸುದ್ದಿ. ಬೋನಸ್‌ಗೋಸ್ಕರ ಉಳ್ಕೊಳ್ಳಿ ಅಂತ ಅಲ್ಲ, ಅವ್ರು ಅದನ್ನ ಲೆಕ್ಕಕ್ಕೆ ಹಿಡಿದಿರ್ತಾರೆ ಅಂತ. ಆ ದುಡ್ಡಲ್ಲಿ ಪಾಲು ಕೇಳೋ ಮಹಾನುಭಾವ್ರೂ ಇದಾರೆ, ಅದ್ರ ಬಗ್ಗೆ ಮಾತಾಡೋದೇ ಬೇಡ. ಇನ್ನು ರೆಫರ್ ಮಾಡೋಕೆ ನಿಮ್ಮ ಹತ್ರನೇ ಯಾರಾದ್ರೂ ದುಡ್ಡು ಕೇಳಿದ್ರೆ ಅದು ರೆಫರಲ್ ಅಲ್ಲ, ಮೋಸ, ಅಲ್ಲೇ ನಿಲ್ಲಿಸಿ.

ಕೆಲ್ಸ ಸಿಕ್ಕಿ, ಸೇರೋದೂ ಆದ್ರೆ? ಇದು ಸುಲಭ, ಬೇಗ ಮುಗಿಸ್ತೀನಿ. ಆಫರ್ ಲೆಟರ್ ಕೈಗೆ ಬಂದ ದಿನ ಫೋನ್ ಮಾಡಿ, ಊರಿಗೆಲ್ಲ ಹೇಳೋಕಿಂತ ಮುಂಚೆ. ಜಾಯಿನಿಂಗ್ ತಾರೀಖು ಹೇಳಿ. ಪ್ಯಾಕೇಜ್ ಎಷ್ಟು ಅಂತ ಹೇಳ್ಬೇಡಿ, ಒಂದೇ ಕಂಪನೀಲಿ ಅವ್ರಿಗಿಂತ ಹೊಸಬರಿಗೆ ಜಾಸ್ತಿ ಸಿಕ್ಕಿರೋ ಉದಾಹರಣೆ ಬಹಳ ಇದೆ, ಸುಮ್ನೆ ಕಹಿ. ಸೇರಿದ ದಿನ ಒಂದು ಮೆಸೇಜ್, ಯಾಕಂದ್ರೆ ನೀವು ಸೇರಿದ್ದು ಸಿಸ್ಟಮ್‌ನಲ್ಲಿ ಅವ್ರ ರೆಫರಲ್ ಅಂತ ಬಂದಿದ್ಯಾ ಇಲ್ವಾ ಅಂತ ಅವ್ರು ಆಗ್ಲೇ ನೋಡ್ಕೋಬೇಕು, ಬಂದಿಲ್ಲ ಅಂದ್ರೆ ಅವ್ರು ಟಿಕೆಟ್ ಹಾಕ್ಬೇಕು. ಆಮೇಲೆ ಲಿಂಕ್ಡ್‌ಇನ್ ಪೋಸ್ಟ್. ಅಲ್ಲಿ ಅವ್ರನ್ನ ಟ್ಯಾಗ್ ಮಾಡಿ ದೊಡ್ಡ ಥ್ಯಾಂಕ್ಸ್ ಹಾಕೋಕೆ ಮುಂಚೆ ಒಂದು ಮಾತು ಕೇಳಿ. ನೀವು ಪ್ರೀತಿಯಿಂದ ಹಾಕ್ತೀರ, ಅವತ್ತು ರಾತ್ರಿಗೇ ಅವ್ರ ಇನ್‌ಬಾಕ್ಸ್‌ನಲ್ಲಿ ಗೊತ್ತಿಲ್ದೇ ಇರೋರ ಮೆಸೇಜ್ ಸಾಲು ನಿಂತಿರುತ್ತೆ, ಸರ್ ನನ್ನನ್ನೂ ರೆಫರ್ ಮಾಡಿ ಅಂತ. ಗಿಫ್ಟ್ ಅಂತ ವಾಚು, ಫೋನು ಕೊಡೋಕೆ ಹೋಗ್ಬೇಡಿ, ಅದು ಕೆಲ್ಸ ಕೊಡ್ಸಿದ್ದಕ್ಕೆ ಕೊಟ್ಟಿದ್ದು ಅಂತ ಕಾಣುತ್ತೆ, ಕಂಪನಿ ಪಾಲಿಸಿಗೂ ಒಗ್ಗಲ್ಲ. ಊರಿಂದ ಬರುವಾಗ ಒಂದು ಬಾಕ್ಸ್ ಬೆಣ್ಣೆ ಬಿಸ್ಕತ್ತು ತಂದ್ಕೊಡಿ, ಮೊದಲ್ನೇ ಸಂಬಳದಲ್ಲಿ ಊಟ ಕೊಡ್ಸಿ, ಸಾಕು.

ಮಧ್ಯದಲ್ಲಿ ಇನ್ನೊಬ್ರು ಇರ್ತಾರೆ, ಅವ್ರನ್ನ ಮರೀತೀವಿ. ನಿಮ್ಮ ಚಿಕ್ಕಪ್ಪ ಅವ್ರ ಕಲೀಗ್‌ಗೆ ಹೇಳಿ, ಆ ಕಲೀಗ್ ಮಗಂಗೆ ಹೇಳಿ, ಮಗ ರೆಫರ್ ಮಾಡಿರ್ತಾನೆ. ಮಗಂಗೆ ನೀವು ಥ್ಯಾಂಕ್ಸ್ ಹೇಳ್ತೀರ. ಚಿಕ್ಕಪ್ಪಂಗೆ ಗೊತ್ತೇ ಇರಲ್ಲ, ಯಾವ್ದೋ ಮದ್ವೇಲಿ ಆ ಕಲೀಗ್ ಸಿಕ್ಕಿ, ಏನಾಯ್ತ್ರೀ ನಿಮ್ಮ ಹುಡ್ಗಂದು ಅಂದ್ರೆ ಬೆಬ್ಬೆಬ್ಬೆ ಅಂತಾರೆ. ಅದೇ ಮೆಸೇಜನ್ನ ಸ್ವಲ್ಪ ಬದಲಾಯ್ಸಿ ಚಿಕ್ಕಪ್ಪಂಗೆ ಹೇಳಿ, ಅವ್ರ ಕಲೀಗ್‌ಗೆ ಅವ್ರ ಕೈಲಿ ಒಂದು ಮಾತು ಹೇಳ್ಸಿ. ಅಪ್ಪ ಅಮ್ಮ ಫೋನ್ ಮಾಡಿ ಥ್ಯಾಂಕ್ಸ್ ಹೇಳ್ತೀವಿ ಅಂದ್ರೆ ಮನೆ ಮಟ್ಟದ ಪರಿಚಯ ಇದ್ರೆ ಚೆನ್ನ, ಲಿಂಕ್ಡ್‌ಇನ್‌ನಲ್ಲಿ ಸಿಕ್ಕಿದ ಸೀನಿಯರ್‌ಗೆ ಬೇಡ, ಅವ್ರು ಗಾಬರಿ ಬೀಳ್ತಾರೆ.

ಇನ್ನು ಪ್ರಶ್ನೆಗಳು. ಒಬ್ಬ ಹುಡ್ಗ ಕೇಳ್ದ, ಮೇಡಂ, ಮೇಲ್ ಮಾಡ್ಬೇಕಾ ವಾಟ್ಸಾಪಾ ಅಂತ. ರೆಸ್ಯೂಮೆ ಯಾವ್ದ್ರಲ್ಲಿ ಕಳ್ಸಿದ್ರೋ ಅದ್ರಲ್ಲೇ ಕಳ್ಸಿ, ಅವ್ರಿಗೆ ಮೇಲಕ್ಕೆ ಸ್ಕ್ರೋಲ್ ಮಾಡಿದ್ರೆ ನೀವು ಯಾರು ಅಂತ ನೆನಪಾಗುತ್ತೆ. ಅವ್ರ ಕಂಪನಿ ಮೇಲ್‌ಗೆ ಮಾತ್ರ ಬೇಡ, ಅದು ಕಂಪನಿಯ ಸ್ವತ್ತು, ನೀವು ಅವ್ರ ಕಾಂಪಿಟಿಟರ್ ಕಡೆ ಹೋಗ್ತಿದೀನಿ ಅಂತ ಅಲ್ಲಿ ಬರ್ಯೋದು ಚೆನ್ನಾಗಿರಲ್ಲ. ವಾಯ್ಸ್ ನೋಟ್ ಬೇಡ, ಆಫೀಸಲ್ಲಿ ಕೂತೋರು ಕೇಳೋಕಾಗಲ್ಲ.

ಇನ್ನೊಬ್ಳು ಕೇಳಿದ್ದು ನಂಗೆ ಇಷ್ಟ ಆಯ್ತು, ಮೇಡಂ ರೆಫರ್ ಮಾಡಿ ಹತ್ರ ಹತ್ರ ಒಂದು ವರ್ಷ ಆಯ್ತು, ಆವಾಗ್ಲೇ ರಿಜೆಕ್ಟ್ ಆಗಿದ್ದೆ, ಹೇಳ್ಲೇ ಇಲ್ಲ, ಈಗ ಹೇಳಿದ್ರೆ ವಿಚಿತ್ರ ಅಲ್ವಾ ಅಂತ. ಮೊದಲ್ನೇ ಸಾಲು ಬರೆಯೋವರೆಗೆ ವಿಚಿತ್ರ ಅನ್ಸುತ್ತೆ. ದೊಡ್ಡ ಕ್ಷಮಾಪಣೆ ಪುರಾಣ ಬರೀಬೇಡ, ಓದೋರಿಗೆ ಅಯ್ಯೋ ಪರ್ವಾಗಿಲ್ಲ ಅಂತ ಸಮಾಧಾನ ಹೇಳೋ ಕೆಲ್ಸ ಕೊಟ್ಟ ಹಾಗಾಗುತ್ತೆ. "ಸರ್ ನಮಸ್ಕಾರ, ಹೋದ ವರ್ಷ ನೀವು ಡೇಟಾ ಟೀಮ್‌ಗೆ ರೆಫರ್ ಮಾಡಿದ್ರಿ, ಎರಡನೇ ರೌಂಡಲ್ಲಿ ಆಗ್ಲಿಲ್ಲ, ಆಗ ತಿಳಿಸ್ಲಿಲ್ಲ, ಸಾರಿ. ಈಗ ಹುಬ್ಬಳ್ಳೀಲಿ ಕೆಲ್ಸ ಮಾಡ್ತಿದೀನಿ. ಅವತ್ತು ಸಹಾಯ ಮಾಡಿದ್ದಕ್ಕೆ ಥ್ಯಾಂಕ್ಸ್ ಸರ್" ಅಂತ ಹಾಕು, ಆಯ್ತು. ಉತ್ತರ ಬರ್ಲಿಲ್ಲ ಅಂದ್ರೆ ಮತ್ತೆ ಹಾಕ್ಬೇಡ. ಒಂದೇ ಒಂದು ಷರತ್ತು, ನಿಂಗೆ ಅವ್ರ ಹತ್ರ ಹೊಸ ಕೆಲ್ಸ ಆಗ್ಬೇಕಾಗಿರೋ ವಾರ ಇದನ್ನ ಕಳ್ಸ್ಬೇಡ, ಆವಾಗ ಯಾಕೆ ನೆನಪಾಯ್ತು ಅಂತ ಅವ್ರಿಗೆ ತಕ್ಷಣ ಹೊಳಿಯುತ್ತೆ.

ಕೊನೇಲಿ ಹಿಂದಿನ ಸಾಲಿಂದ ಒಬ್ಬ, ಮೇಡಂ ರೆಫರ್ ಮಾಡಿದೋರೇ ಕಂಪನಿ ಬಿಟ್ಟೋಗಿದ್ರೆ ಅಂದ, ಎಲ್ರೂ ನಕ್ಕರು. ಆದ್ರೆ ಮೂರು ತಿಂಗಳ ನೋಟಿಸ್ ಮುಗ್ಸಿ ನೀವು ಒಳಗೆ ಬರೋ ಹೊತ್ತಿಗೆ ಅವ್ರು ಆಚೆ ಹೋಗಿರೋದು ಬಹಳ ಸಾಮಾನ್ಯ. ಸಾಮಾನ್ಯವಾಗಿ ಬಿಟ್ಟೋದೋರಿಗೆ ಬೋನಸ್ ಬರಲ್ಲ, ಪೋರ್ಟಲ್ ಸ್ಟೇಟಸ್ಸೂ ಕಾಣಲ್ಲ. ಅಂದ್ರೆ ಇವ್ರಿಗೆ ನಿಮ್ಮಿಂದ ಏನೂ ಲಾಭ ಆಗ್ಲಿಲ್ಲ, ಸುದ್ದೀನೂ ಸಿಗಲ್ಲ. ಅಂಥೋರ ಪರ್ಸನಲ್ ನಂಬರ್ ಇಟ್ಕೊಳ್ಳಿ, ಸೇರಿದ ದಿನ ಅವ್ರಿಗೂ ಫೋನ್ ಮಾಡಿ.